ಖಾಲಿ ಚೌಕ ಸಿಕ್ಕಿತು, ಸರಿ. ಅದು ಖಾಲಿ ಇರೋದು ಯಾಕೆ?

ಸಂಶೋಧನೆಗೆ ವಿಷಯ ಹುಡುಕುತ್ತಾ ಐವತ್ತು ಅರವತ್ತು ಪೇಪರ್ ಓದಿದ ಮೇಲೆ ಎಲ್ಲರೂ ಒಂದು ಪಟ್ಟಿ ಮಾಡುತ್ತಾರೆ. ಎಡಗಡೆ ವಸ್ತುಗಳ ಹೆಸರು, ಮೇಲುಗಡೆ ಯಾರು ಏನೇನು ಮಾಡಿ ನೋಡಿದ್ದಾರೆ ಅನ್ನುವುದು. ತುಂಬುತ್ತಾ ಹೋದ ಹಾಗೆ ಒಂದೆರಡು ಚೌಕ ಖಾಲಿ ಉಳಿಯುತ್ತವೆ. ಅಲ್ಲಿಗೆ ಎದೆ ಹೊಡೆದುಕೊಳ್ಳಲು ಶುರು. "ಇದನ್ನು ಯಾರೂ ಮಾಡೇ ಇಲ್ಲ, ಇದೇ ನನ್ನ ವಿಷಯ!"

ಸ್ವಲ್ಪ ತಡೆಯಿರಿ. ಆ ಚೌಕ ಖಾಲಿ ಇರಲು ಎರಡು ಕಾರಣ ಇರಬಹುದು. ಒಂದು, ನಿಜಕ್ಕೂ ಆ ಕಡೆ ಯಾರೂ ಸರಿಯಾಗಿ ಹೋಗಿಲ್ಲ. ಇನ್ನೊಂದು, ಹೋದವರೆಲ್ಲ ಗೋಡೆಗೆ ತಲೆ ಚಚ್ಚಿಕೊಂಡು ವಾಪಸ್ ಬಂದಿದ್ದಾರೆ, ಆದರೆ ಅದನ್ನು ಯಾರೂ ಬರೆದಿಲ್ಲ. ಸೋತ ಪ್ರಯೋಗಕ್ಕೆ ಪೇಪರ್ ಬರೆಯುವವರು ಕಡಿಮೆ, ಅಲ್ವಾ? ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ.

ಈ ಎರಡನ್ನು ಬೇರೆ ಮಾಡುವುದು ಹೇಗೆ ಎಂದು ನಾನು ಕಲಿತದ್ದು ಸೆಮಿಕಂಡಕ್ಟರ್ ಪೇಪರ್‌ಗಳಿಂದ, ಅದರಲ್ಲೂ ಒಂದು ಜೋಡಿಯಿಂದ. ಗ್ಯಾಲಿಯಂ ನೈಟ್ರೈಡ್ ಮತ್ತು ಝಿಂಕ್ ಆಕ್ಸೈಡ್. ಒಂದು ಕಾಲಕ್ಕೆ ಎರಡರ ಮುಂದೆಯೂ ಹೆಚ್ಚುಕಡಿಮೆ ಒಂದೇ ಚೌಕ ಖಾಲಿ ಇತ್ತು. ಒಂದರಲ್ಲಿ ನೀಲಿ ಎಲ್‌ಇಡಿಯ ನೊಬೆಲ್ ಇತ್ತು. ಇನ್ನೊಂದರಲ್ಲಿ ಗೋಡೆ.

ಮೊದಲು ಆ ಚೌಕ ಯಾವುದು ಅಂತ ನೋಡೋಣ

ಎಲ್‌ಇಡಿ ಮಾಡಬೇಕೆಂದರೆ ಸಾಮಾನ್ಯವಾಗಿ ಒಂದೇ ವಸ್ತುವಿನ ಎರಡು ಪದರ ಬೇಕು. ಒಂದರಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರಬೇಕು, ಅದು ಎನ್-ಟೈಪ್. ಇನ್ನೊಂದರಲ್ಲಿ ಎಲೆಕ್ಟ್ರಾನ್ ಇರಬೇಕಾದ ಕಡೆ ಖಾಲಿ ಜಾಗ, ಅಂದರೆ ಹೋಲ್‌ಗಳು ಇರಬೇಕು, ಅದು ಪಿ-ಟೈಪ್. ಬೇರೆ ಧಾತುವನ್ನು ಚೂರು ಬೆರೆಸಿ ಇದನ್ನು ಮಾಡುತ್ತಾರೆ. ಅದಕ್ಕೆ ಡೋಪಿಂಗ್ ಅನ್ನುತ್ತಾರೆ. ನೀಲಿ ಬೆಳಕು ಕೊಡಬಲ್ಲ ವಸ್ತುಗಳಲ್ಲಿ ಎನ್-ಟೈಪ್ ಸುಲಭವಾಗಿ ಸಿಗುತ್ತಿತ್ತು. ಪಿ-ಟೈಪ್ ಸಿಗುತ್ತಿರಲಿಲ್ಲ.

1969ರಲ್ಲೇ ಗ್ಯಾಲಿಯಂ ನೈಟ್ರೈಡ್‌ನ ಒಂದೇ ಹರಳಿನ ಪದರವನ್ನು ಬೆಳೆಸಿದ್ದರು. ಎರಡು ವರ್ಷದಲ್ಲಿ ಅದರಿಂದ ಬೆಳಕೂ ಬಂತು. ಆದರೆ ಪಿ-ಟೈಪ್ ಆಗಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಹಳಷ್ಟು ಜನ ಕೈಬಿಟ್ಟು ಝಿಂಕ್ ಸೆಲೆನೈಡ್ ಕಡೆ ಹೋದರು. ಝಿಂಕ್ ಆಕ್ಸೈಡ್‌ನ ಕಥೆ ಉಲ್ಟಾ. ಪಿ-ಟೈಪ್ ಮಾಡಿದೆವು ಎಂದು ಹೇಳುವ ಪೇಪರ್‌ಗಳೇ ರಾಶಿ ರಾಶಿ. ಖಾಲಿ ಇದ್ದದ್ದು ಅದರ ಪಕ್ಕದ ಚೌಕ: ಬಾಳಿಕೆ ಬರುವ, ಯಾರು ಮಾಡಿದರೂ ಬರುವ ಪಿ-ಟೈಪ್.

ಈಗ ಹೆಜ್ಜೆಗಳಿಗೆ ಬರೋಣ.

1. ಹೋಗಿ ಬಂದವರನ್ನು ಹುಡುಕಿ

"ಯಾರೂ ಮಾಡಿಲ್ಲ" ಎನ್ನುವ ಮಾತನ್ನು ಮೊದಲು ಸುಳ್ಳು ಮಾಡಲು ನೋಡಿ. ವಿಷಯದ ಹೆಸರು ಹಾಕಿ ಹುಡುಕಿದರೆ ಗೆದ್ದವರು ಮಾತ್ರ ಸಿಗುತ್ತಾರೆ. ಸೋತವರು ಬೇಕಾದರೆ ಸೋಲಿನ ಮಾತುಗಳನ್ನೇ ಸೇರಿಸಿ ಹುಡುಕಬೇಕು. ಪೇಪರ್‌ಗಳ ಡೇಟಾಬೇಸ್ Scopus ಇದ್ದರೆ ಹೀಗೆ:

```
TITLE-ABS-KEY("p-type ZnO" AND (reproducib* OR unstab* OR controvers*))
```

Google Scholar ಮಾತ್ರ ಇದ್ದರೂ ಪರವಾಗಿಲ್ಲ. ಆ ವಿಷಯದ ಎಲ್ಲಕ್ಕಿಂತ ಹೆಸರುವಾಸಿ ಪೇಪರ್ ತೆಗೆಯಿರಿ. ಕೆಳಗಿನ `Cited by` ಒತ್ತಿ. ಅಲ್ಲಿ `Search within citing articles` ಎಂದು ಟಿಕ್ ಮಾಡಿ `"difficult to reproduce"` ಅಂತ ಹಾಕಿ. ಆ ಪೇಪರನ್ನು ಹೊಗಳಿ ಮುಂದೆ ಹೋದವರಲ್ಲ, ಅದನ್ನು ಮಾಡಲು ಹೋಗಿ ಎಡವಿದವರು ಮೇಲೆ ಬರುತ್ತಾರೆ.

ಇನ್ನೊಂದು ಜಾಗ ಪಿಎಚ್‌ಡಿ ಪ್ರಬಂಧಗಳು. ಪೇಪರ್‌ನಲ್ಲಿ ಜಾಗ ಸಿಗದ ಸೋಲು ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲೋ ಅನುಬಂಧದಲ್ಲೋ ಕೂತಿರುತ್ತದೆ. ನಾನು ಪ್ರಬಂಧದ ಕೊನೆಯಿಂದ ಓದಲು ಶುರು ಮಾಡುತ್ತೇನೆ. "ಮುಂದೆ ಮಾಡಬೇಕಾದ ಕೆಲಸ" ಎನ್ನುವ ಭಾಗ ಎಷ್ಟೋ ಸಲ "ನಮ್ಮ ಕೈಲಿ ಆಗದ ಕೆಲಸ"ದ ಮರ್ಯಾದಸ್ಥ ಹೆಸರು.

2. ದಾರಿಯಲ್ಲಿ ಹೆಜ್ಜೆ ಗುರುತು ಹೇಗಿವೆ ನೋಡಿ

ಹೋದವರು ಸಿಕ್ಕರು. ಈಗ ಸುಮ್ನೆ ಓದಬೇಡಿ, ಬರೆದಿಡಿ. ಪ್ರತಿ ಪೇಪರ್‌ಗೆ ಒಂದು ಸಾಲು. ಯಾವ ವರ್ಷ, ಯಾವ ತಂಡ, ಎಷ್ಟು ಬಂತು, ಎಷ್ಟು ದಿನ ಉಳಿಯಿತು, ಬೇರೆ ತಂಡ ಮಾಡಿದಾಗ ಬಂತಾ, ಅದೇ ತಂಡ ಮುಂದೆ ಅದರ ಮೇಲೆ ಏನು ಕಟ್ಟಿತು. ಕೊನೆಯ ಮೂರು ಕಾಲಂಗಳೇ ಮುಖ್ಯ.

ಇದನ್ನು ಮಾಡದೆ ನಾನು ಏಳು ತಿಂಗಳು ಕಳೆದುಕೊಂಡೆ. ಸಂಶೋಧನೆಯ ಮೊದಲ ವರ್ಷ, ನೈಟ್ರೋಜನ್ ಬೆರೆಸಿದ ಝಿಂಕ್ ಆಕ್ಸೈಡ್ ಹಿಡಿದುಕೊಂಡಿದ್ದೆ. ಪಿ-ಟೈಪ್ ಬಂತೋ ಇಲ್ಲವೋ ಎಂದು ನೋಡಲು ಹಾಲ್ ಮಾಪನ ಮಾಡುತ್ತಾರೆ. ಉಗುರಿನಷ್ಟು ಚೌಕದ ತುಂಡು, ನಾಲ್ಕು ಮೂಲೆಯಲ್ಲಿ ಇಂಡಿಯಂನ ನಾಲ್ಕು ಚುಕ್ಕೆ, ಮೇಲಿಂದ ಅಯಸ್ಕಾಂತ. ಎದುರು ಬದುರು ಎರಡು ಮೂಲೆಯಲ್ಲಿ ಕರೆಂಟ್ ಹರಿಸಿ ಉಳಿದೆರಡರಲ್ಲಿ ವೋಲ್ಟೇಜ್ ನೋಡುವುದು. ಅದರ ಚಿಹ್ನೆ ಪ್ಲಸ್ ಬಂದರೆ ಪಿ-ಟೈಪ್, ಮೈನಸ್ ಬಂದರೆ ಎನ್-ಟೈಪ್.

ಒಂದು ತುಂಡು ಪ್ಲಸ್ ತೋರಿಸಿತು. ಕುಣಿದಾಡಿದೆ. ಮೂರು ವಾರ ಬಿಟ್ಟು ಅದೇ ತುಂಡು ಮೈನಸ್. ಹೊಸ ಚುಕ್ಕೆ ಇಟ್ಟು, ಜಾಗ ಸ್ವಲ್ಪ ಸರಿಸಿ ಅಳೆದೆ. ಮತ್ತೆ ಪ್ಲಸ್. ತುಂಡನ್ನು ತಿರುಗಿಸಿ ಇಟ್ಟೆ. ಮೈನಸ್. ಪದರ ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ, ಪೂರ್ತಿ ಎನ್-ಟೈಪ್ ಇರುವ ತುಂಡೂ ಹೀಗೆ ಸುಳ್ಳು ಪ್ಲಸ್ ತೋರಿಸಬಹುದು ಎಂದು ನನಗೆ ಆಗ ಗೊತ್ತಿರಲಿಲ್ಲ. ಅದನ್ನೇ ಹೇಳುವ ಪೇಪರ್‌ಗಳು 2008ರಲ್ಲಿ ಬಂದಿದ್ದವು. ನನ್ನ ಕಂಪ್ಯೂಟರಿನಲ್ಲೇ ಇದ್ದವು, ತೆರೆದು ನೋಡಿರಲಿಲ್ಲ.

ಆಮೇಲೆ ಕೂತು ಮೇಲೆ ಹೇಳಿದ ಪಟ್ಟಿ ಮಾಡಿದೆ. ನಲವತ್ತು ಸಾಲು ಆಗುವಷ್ಟರಲ್ಲಿ ಚಿತ್ರ ಸ್ಪಷ್ಟವಾಯಿತು. ಪ್ರತಿ ತಂಡವೂ ಒಂದು ಪೇಪರ್, ಹೆಚ್ಚೆಂದರೆ ಎರಡು ಬರೆದು ಬೇರೆ ಕಡೆ ಹೋಗಿತ್ತು. "ಎಷ್ಟು ದಿನ ಉಳಿಯಿತು" ಎನ್ನುವ ಕಾಲಂ ಬಹುಪಾಲು ಖಾಲಿ. "ಮುಂದೆ ಏನು ಕಟ್ಟಿದರು" ಎನ್ನುವುದರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಒಂದರ ಹೆಗಲ ಮೇಲೆ ಇನ್ನೊಂದು ನಿಂತಿರಲಿಲ್ಲ. ಎಲ್ಲರೂ ಮತ್ತೆ ಮತ್ತೆ ನೆಲದಿಂದಲೇ ಶುರು ಮಾಡಿದ್ದರು.

ಮುಂದೆ ಹೋಗುವ ದಾರಿಯಲ್ಲಿ ಹೀಗಿರುವುದಿಲ್ಲ. ಅಲ್ಲಿ ಪೇಪರ್ ಕಡಿಮೆ ಇದ್ದರೂ ಒಂದಕ್ಕೊಂದು ಕೊಂಡಿ ಇರುತ್ತದೆ. ಗ್ಯಾಲಿಯಂ ನೈಟ್ರೈಡ್‌ನ ಎಂಬತ್ತರ ದಶಕ ನೋಡಿ. 1986ರಲ್ಲಿ ಜಪಾನಿನ ನಗೋಯಾದಲ್ಲಿ ಅಕಾಸಾಕಿ ಮತ್ತು ಅಮಾನೊ ಒಳ್ಳೆಯ ಹರಳು ಬೆಳೆಸಿದರು. ಅದೇ ಹರಳಿನ ಮೇಲೆ ನಿಂತು 1989ರಲ್ಲಿ ಪಿ-ಟೈಪ್ ಪಡೆದರು. ಅದನ್ನು ಹಿಡಿದುಕೊಂಡು 1992ರಲ್ಲಿ ನಕಮುರಾ ಇನ್ನೂ ಸುಲಭದ ವಿಧಾನ ತೋರಿಸಿದರು. ಮೂರೇ ಮೆಟ್ಟಿಲು, ಆದರೆ ಮೆಟ್ಟಿಲುಗಳು.

3. ಸೋತದ್ದು ಯಾವುದು ಅಂತ ಕೇಳಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಇಟ್ಟುಕೊಳ್ಳುತ್ತೇನೆ. ಪೇಪರ್ ಹೇಳುತ್ತದೆ, "ಗ್ಯಾಲಿಯಂ ನೈಟ್ರೈಡ್‌ನಲ್ಲಿ ಪಿ-ಟೈಪ್ ಬರಲಿಲ್ಲ." ಸರಿ. ಸೋತದ್ದು ಪಿ-ಟೈಪ್ ಎನ್ನುವ ವಿಚಾರವಾ, ಅಥವಾ ಆ ದಿನ ಅವರ ಕೈಯಲ್ಲಿದ್ದ ತುಂಡಾ?

ನೀವು 1985ರಲ್ಲಿ ಕೂತು ಆ ಪೇಪರ್‌ಗಳನ್ನು ಓದುತ್ತಿದ್ದೀರಿ ಎಂದುಕೊಳ್ಳಿ. ಫಲಿತಾಂಶದ ಭಾಗ ಬಿಟ್ಟು ಪ್ರಯೋಗದ ಭಾಗಕ್ಕೆ ಹೋಗಿ. ಎಲ್ಲರೂ ಹರಳನ್ನು ಬೆಳೆಸಿದ್ದು ಸಫೈರ್ ತಟ್ಟೆಯ ಮೇಲೆ. ಹರಳಿನಲ್ಲಿ ಪರಮಾಣುಗಳ ನಡುವಿನ ಅಂತರ ತಟ್ಟೆಯದಕ್ಕೆ ಹೊಂದಬೇಕು. ಇಲ್ಲಿ ನೂರಕ್ಕೆ ಸುಮಾರು 16ರಷ್ಟು ವ್ಯತ್ಯಾಸ. ಅದಕ್ಕೇ ಹರಳು ಬಿರುಕು, ಒರಟು, ಒಳಗೆಲ್ಲ ದೋಷ. ಏನೂ ಬೆರೆಸದೆ ಇದ್ದರೂ ಅದರ ತುಂಬ ಎಲೆಕ್ಟ್ರಾನ್. ಅಷ್ಟು ಎಲೆಕ್ಟ್ರಾನ್ ಇರುವ ಕಡೆ ಹೋಲ್ ಸೇರಿಸಿದರೆ ಎಲ್ಲವನ್ನೂ ಅವು ನುಂಗುತ್ತವೆ. ಆಗ ಝಿಂಕ್ ಸೆಲೆನೈಡ್ ಕಡೆ ಜನ ಓಡಿದ್ದು ಯಾಕೆ ಎಂಬುದೂ ತಿಳಿಯುತ್ತದೆ. ಗ್ಯಾಲಿಯಂ ಆರ್ಸೆನೈಡ್ ತಟ್ಟೆಯ ಮೇಲೆ ಅದರ ವ್ಯತ್ಯಾಸ ನೂರಕ್ಕೆ 0.3 ಕೂಡ ಇಲ್ಲ. (1991ರಲ್ಲಿ ಅದರಿಂದ ಲೇಸರ್ ಕೂಡ ಬಂತು. ಬಾಳಿಕೆ ಮಾತ್ರ ಬರಲಿಲ್ಲ.)

ಅಂದರೆ ಆ ಸೋಲುಗಳಲ್ಲೆಲ್ಲ ಒಂದೇ ದೌರ್ಬಲ್ಯ. ಕೆಟ್ಟ ಹರಳು. ಒಳ್ಳೆಯ ಹರಳಿನಲ್ಲಿ ಪಿ-ಟೈಪ್ ಬರುತ್ತದಾ ಎನ್ನುವ ಪ್ರಶ್ನೆಯನ್ನು ಯಾರೂ ಕೇಳಿಯೇ ಇರಲಿಲ್ಲ, ಒಳ್ಳೆಯ ಹರಳೇ ಇರಲಿಲ್ಲವಲ್ಲ. ಇಂಥ ಖಾಲಿ ಚೌಕ ನಿಜವಾದ ಗ್ಯಾಪ್. 1986ರಲ್ಲಿ ನಡುವೆ ಅಲ್ಯೂಮಿನಿಯಂ ನೈಟ್ರೈಡ್‌ನ ತೆಳು ಪದರ ಹಾಕಿದಾಗ ಹರಳು ಸುಧಾರಿಸಿತು, ಬಾಗಿಲು ತೆರೆಯಿತು.

ಅದೇ ಪ್ರಶ್ನೆಯನ್ನು ಝಿಂಕ್ ಆಕ್ಸೈಡ್‌ಗೆ ಕೇಳಿ. ಹರಳು ಕೆಟ್ಟದ್ದಾ? ಅಲ್ಲ. ಝಿಂಕ್ ಆಕ್ಸೈಡ್‌ನ ದೊಡ್ಡ, ಒಳ್ಳೆಯ ಹರಳುಗಳು ಸಿಗುತ್ತವೆ. ಅದನ್ನೇ ತಟ್ಟೆ ಮಾಡಿಕೊಂಡು ಮೇಲೆ ಅದನ್ನೇ ಬೆಳೆಸಬಹುದು, ವ್ಯತ್ಯಾಸದ ಮಾತೇ ಇಲ್ಲ. ನೆಪ ಹೇಳಲು ಏನೂ ಉಳಿದಿಲ್ಲ, ಆದರೂ ನಂಬುವಂಥ ಪಿ-ಟೈಪ್ ಇಲ್ಲ. ಇಲ್ಲಿ ಗೋಡೆ ಇರುವ ಸಾಧ್ಯತೆ ಜಾಸ್ತಿ.

ನಿಮ್ಮ ವಿಷಯದಲ್ಲಿ ಹೀಗೆ ಮಾಡಿ. ಸೋತ ಪೇಪರ್‌ಗಳ ಪ್ರಯೋಗದ ಭಾಗಗಳನ್ನು ಮಾತ್ರ ಪಕ್ಕಪಕ್ಕ ಇಟ್ಟು ಓದಿ. ಎಲ್ಲದರಲ್ಲೂ ಇರುವ ಒಂದು ದೌರ್ಬಲ್ಯ ಸಿಗುತ್ತದಾ? ಅದು ಇಲ್ಲದೆ ಮಾಡಿದ ಒಂದಾದರೂ ಪ್ರಯೋಗ ಇದೆಯಾ? ಇಲ್ಲ ಎಂದಾದರೆ ಗ್ಯಾಪ್ ಇನ್ನೂ ತೆರೆದಿದೆ. ಇದೆ, ಅದೂ ಸೋತಿದೆ ಎಂದಾದರೆ ಮುಂದಿನ ಹೆಜ್ಜೆಗೆ ಬನ್ನಿ.

4. ಗೋಡೆಗೆ ಕಾರಣ ಸಿಕ್ಕಿದೆಯಾ? ಅದರ ಎತ್ತರ ಎಷ್ಟು?

"ಆಗಲಿಲ್ಲ" ಬೇರೆ, "ಯಾಕೆ ಆಗುವುದಿಲ್ಲ ಎಂದು ಗೊತ್ತು" ಬೇರೆ. ಕಾರಣ ಗೊತ್ತಿಲ್ಲದ ಸೋಲು ಇನ್ನೂ ಪ್ರಶ್ನೆಯೇ. ಕಾರಣ ಗೊತ್ತಾದರೆ ಅದಕ್ಕೊಂದು ಅಂಕಿ ಇರುತ್ತದೆ, ಅಂಕಿ ಇದ್ದರೆ ಲೆಕ್ಕ ಹಾಕಬಹುದು.

ಗ್ಯಾಲಿಯಂ ನೈಟ್ರೈಡ್‌ನಲ್ಲಿ ಹರಳು ಸರಿಯಾದ ಮೇಲೂ ಮೆಗ್ನೀಸಿಯಂ ಬೆರೆಸಿದರೆ ಮೊದಲಿಗೆ ಪಿ-ಟೈಪ್ ಆಗುತ್ತಿರಲಿಲ್ಲ. ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಆಗುತ್ತಿತ್ತು. ಯಾಕೆ ಎಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹರಳು ಬೆಳೆಸುವಾಗ ಅಮೋನಿಯಾದಿಂದ ಬಂದ ಹೈಡ್ರೋಜನ್ ಮೆಗ್ನೀಸಿಯಂಗೆ ಅಂಟಿಕೊಂಡು ಕೂರುತ್ತದೆ ಎಂದು ಆಮೇಲೆ ಗೊತ್ತಾಯಿತು. ನಕಮುರಾ ತಂಡ ನೈಟ್ರೋಜನ್‌ನಲ್ಲಿ 700 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯಿಸಿತು, ಪಿ-ಟೈಪ್ ಆಯಿತು. ಅದನ್ನೇ ಮತ್ತೆ ಅಮೋನಿಯಾದಲ್ಲಿ ಕಾಯಿಸಿತು, ಪಿ-ಟೈಪ್ ಹೋಯಿತು. ಹಾಕಿದರೆ ಕೆಡುತ್ತದೆ, ತೆಗೆದರೆ ಸರಿಹೋಗುತ್ತದೆ. ಕಾರಣ ಹಿಡಿದಿದ್ದೇವೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ತೆಗೆಯಲು ಬರುವ ಕಾರಣ ಗೋಡೆಯಲ್ಲ, ಬೀಗ ಹಾಕಿದ ಬಾಗಿಲು.

ಝಿಂಕ್ ಆಕ್ಸೈಡ್‌ನಲ್ಲಿ ಸಿಕ್ಕ ಕಾರಣ ಬೇರೆ ಜಾತಿಯದು. ಬೆರೆಸಿದ ಪರಮಾಣು ಹೋಲ್ ಅನ್ನು ಬಿಟ್ಟುಕೊಡಬೇಕು. ಬಿಡಿಸಲು ಬೇಕಾದ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಹೇಳುತ್ತಾರೆ. ಗ್ಯಾಲಿಯಂ ನೈಟ್ರೈಡ್‌ನಲ್ಲಿ ಮೆಗ್ನೀಸಿಯಂಗೆ ಇದು ಸುಮಾರು 0.2. ಝಿಂಕ್ ಆಕ್ಸೈಡ್‌ನಲ್ಲಿ ನೈಟ್ರೋಜನ್‌ಗೆ ಸುಮಾರು 1.3 ಎಂದು 2009ರ ಒಂದು ಲೆಕ್ಕಾಚಾರ ತೋರಿಸಿತು. ಕೋಣೆಯ ಬಿಸಿ ಕೊಡುವ ಶಕ್ತಿ, ಅಂದರೆ kT, 0.026 ಅಷ್ಟೇ. ಎಷ್ಟು ಪಾಲು ಹೋಲ್ ಬಿಡುಗಡೆ ಆಗಬಹುದು ಎಂದು ಒರಟಾಗಿ ನೋಡಲು ಈ ಸೂತ್ರ ಸಾಕು:

```
e^(-E / 2kT)
E = 0.2  ->  e^(-3.85)  ≈ 0.02
E = 1.3  ->  e^(-25)    ≈ 0.00000000001
```

ಮೊದಲನೆಯದು ನೂರಕ್ಕೆ ಎರಡು. ಗ್ಯಾಲಿಯಂ ನೈಟ್ರೈಡ್‌ನಲ್ಲಿ ನಿಜವಾಗಿ ಸಿಗುವುದೂ ನೂರಕ್ಕೆ ಒಂದರ ಆಸುಪಾಸು. ಕಡಿಮೆಯೇ, ಆದರೆ ಜಾಸ್ತಿ ಬೆರೆಸಿ ಸರಿದೂಗಿಸಬಹುದು. ಎರಡನೆಯದು ಹತ್ತು ಸಾವಿರ ಕೋಟಿಗೆ ಒಂದು. ಎಷ್ಟು ಬೆರೆಸಿದರೆ ಸರಿಹೋದೀತು? ಹರಳಿನಲ್ಲಿ ಅಷ್ಟು ಜಾಗವೇ ಇಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಎರಡು ನಿಮಿಷದ ಕೆಲಸ ಇದು. ನನ್ನ ಏಳು ತಿಂಗಳು ಇಲ್ಲೇ ಉಳಿಯುತ್ತಿತ್ತು.

ಒಂದು ಎಚ್ಚರಿಕೆ ಬೇಕು. ಲೆಕ್ಕಾಚಾರದ ಪೇಪರ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. 2009ಕ್ಕೆ ಮುಂಚಿನ ಲೆಕ್ಕಗಳು ಇದೇ ನೈಟ್ರೋಜನ್‌ಗೆ ತುಂಬ ಕಡಿಮೆ ಅಂಕಿ ಕೊಟ್ಟಿದ್ದವು, ಯಾಕೆಂದರೆ ಆಗಿನ ವಿಧಾನ ಆ ವಸ್ತುವಿನ ಬ್ಯಾಂಡ್ ಗ್ಯಾಪ್ ಅನ್ನೇ, ಅಂದರೆ ಎಲೆಕ್ಟ್ರಾನ್ ಬಿಡುಗಡೆಯಾಗಿ ಹರಿಯಲು ದಾಟಬೇಕಾದ ಶಕ್ತಿಯ ಅಂತರವನ್ನೇ, ನಿಜಕ್ಕಿಂತ ಬಹಳ ಚಿಕ್ಕದಾಗಿ ತೋರಿಸುತ್ತಿತ್ತು. ಎಷ್ಟೋ ಜನ ಆ ಕಡಿಮೆ ಅಂಕಿಯನ್ನು ನಂಬಿ ಪ್ರಯೋಗಕ್ಕೆ ಇಳಿದರು. ಹಾಗಾಗಿ ಲೆಕ್ಕದ ಪೇಪರ್ ಎತ್ತಿಕೊಂಡಾಗ ಮೊದಲು ಹೀಗೆ ಪರೀಕ್ಷೆ ಮಾಡಿ: ಅಳೆದು ಗೊತ್ತಿರುವ ಒಂದು ಅಂಕಿಯನ್ನು ಆ ವಿಧಾನ ಸರಿಯಾಗಿ ಕೊಡುತ್ತದಾ? ಝಿಂಕ್ ಆಕ್ಸೈಡ್‌ನ ಬ್ಯಾಂಡ್ ಗ್ಯಾಪ್ ಸುಮಾರು 3.4 ಎಲೆಕ್ಟ್ರಾನ್ ವೋಲ್ಟ್ ಎಂದು ಎಲ್ಲರಿಗೂ ಗೊತ್ತು. ಪೇಪರ್‌ನಲ್ಲಿ 0.8 ಎಂದೋ 1 ಎಂದೋ ಇದ್ದರೆ ಅದರ ಉಳಿದ ಅಂಕಿಗಳ ಮೇಲೆ ಏಳು ತಿಂಗಳು ಹೂಡಬೇಡಿ.

5. ಈಚೆಗೆ ಏನಾದರೂ ಬದಲಾಗಿದೆಯಾ?

ಇದು ಚಿಕ್ಕ ಹೆಜ್ಜೆ. ಹಳೆಯವರು ಸೋತ ಮೇಲೆ ಬಂದ ಹೊಸ ಉಪಕರಣ, ಹೊಸ ವಿಧಾನ, ಹೊಸ ವಸ್ತುವಿನ ಹೆಸರನ್ನು ಬೆರಳಿಟ್ಟು ತೋರಿಸಲು ಆಗಬೇಕು. ಅದು ಮೂರನೇ ಹೆಜ್ಜೆಯಲ್ಲಿ ಸಿಕ್ಕ ದೌರ್ಬಲ್ಯಕ್ಕೇ ಔಷಧಿ ಆಗಿರಬೇಕು. 1986ರ ತೆಳು ಪದರ ಕೆಟ್ಟ ಹರಳಿಗೆ ನೇರ ಔಷಧಿ. "ನಾವು ಇನ್ನೂ ಜೋಪಾನವಾಗಿ ಮಾಡುತ್ತೇವೆ" ಎನ್ನುವುದು ಬದಲಾವಣೆ ಅಲ್ಲ. ಹಿಂದಿನವರೂ ಜೋಪಾನವಾಗಿಯೇ ಮಾಡಿದ್ದರು.

6. ಕೊಲ್ಲಬಲ್ಲ ಪ್ರಯೋಗವನ್ನು ಮೊದಲು ಮಾಡಿ

ಇಷ್ಟಾದ ಮೇಲೂ ಅನುಮಾನ ಉಳಿದರೆ ಓದುವುದು ನಿಲ್ಲಿಸಿ. ಹೆಚ್ಚಿನವರು ಆಸೆಯನ್ನು ಗಟ್ಟಿ ಮಾಡುವ ಪ್ರಯೋಗದಿಂದ ಶುರು ಮಾಡುತ್ತಾರೆ. ನೀವು ಆಸೆಯನ್ನು ಮುರಿಯಬಲ್ಲ, ಎಲ್ಲಕ್ಕಿಂತ ಅಗ್ಗದ ಪ್ರಯೋಗ ಹುಡುಕಿ. ನನ್ನ ವಿಷಯದಲ್ಲಿ ಅದು ಹೀಗಿರಬೇಕಿತ್ತು: ಒಂದೇ ತುಂಡು, ಚುಕ್ಕೆಗಳ ಜಾಗ ಐದು ಸಲ ಬದಲಿಸಿ, ಅಯಸ್ಕಾಂತದ ದಿಕ್ಕನ್ನು ಪ್ರತಿ ಸಲ ತಿರುಗಿಸಿ ಅಳೆಯುವುದು. ಐದರಲ್ಲೂ ಪ್ಲಸ್ ಬಂದರೆ ತುಂಡನ್ನು ಒಂದು ತಿಂಗಳು ಇಟ್ಟು ಮತ್ತೆ ಅಳೆಯುವುದು. ಒಂದು ಸಲ ಚಿಹ್ನೆ ತಿರುಗಿದರೂ ನಿಲ್ಲಿಸುವುದು.

ಯಾವಾಗ ನಿಲ್ಲಿಸುತ್ತೀರಿ ಎಂಬುದನ್ನು ಪ್ರಯೋಗಕ್ಕೆ ಮುಂಚೆಯೇ ತಾರೀಕು ಹಾಕಿ ಬರೆದು ಗೈಡ್‌ಗೆ ಕಳಿಸಿಬಿಡಿ. ಫಲಿತಾಂಶ ಕಂಡ ಮೇಲೆ ಬರೆಯಲು ಹೋದರೆ ಕೈ ಬರುವುದಿಲ್ಲ. ನಾನು ಮೈನಸ್ ಬಂದ ದಿನ "ಚುಕ್ಕೆ ಸರಿಯಾಗಿ ಅಂಟಿಲ್ಲ" ಎಂದು ಬರೆದುಕೊಂಡಿದ್ದೇನೆ. ಪ್ಲಸ್ ಬಂದ ದಿನ ಚುಕ್ಕೆಯ ಬಗ್ಗೆ ಒಂದು ಅಕ್ಷರವೂ ಇಲ್ಲ.

ಗೋಡೆ ಸಿಕ್ಕ ಮೇಲೆ

ಗೋಡೆ ಸಿಕ್ಕಿತು ಎಂದರೆ ಓದಿದ್ದೆಲ್ಲ ದಂಡ ಎಂದಲ್ಲ. ಈಗ ಗ್ಯಾಲಿಯಂ ಆಕ್ಸೈಡ್ ನೋಡಿ. ಹೆಚ್ಚು ವೋಲ್ಟೇಜ್ ತಡೆಯುವ ಉಪಕರಣಗಳಿಗೆ ಇದರ ಮೇಲೆ ತುಂಬ ಜನ ಕಣ್ಣಿಟ್ಟಿದ್ದಾರೆ, ಇದರ ಬ್ಯಾಂಡ್ ಗ್ಯಾಪ್ ಸುಮಾರು 4.8. ಪಟ್ಟಿ ಮಾಡಿದರೆ ಅದೇ ಚೌಕ ಖಾಲಿ: ಪಿ-ಟೈಪ್. ಮೇಲಿನ ಹೆಜ್ಜೆಗಳನ್ನು ಹಾಕಿ ನೋಡೋಣ. ಹರಳು ಕೆಟ್ಟದ್ದಾ? ಇಲ್ಲ, ಕರಗಿಸಿ ದೊಡ್ಡ ಹರಳು ಬೆಳೆಸುತ್ತಾರೆ. ಕಾರಣ ಗೊತ್ತಿದೆಯಾ? ಇದೆ. ಬೆರೆಸಿದ ಧಾತುಗಳ ಅಂಕಿ 1 ಎಲೆಕ್ಟ್ರಾನ್ ವೋಲ್ಟ್‌ಗಿಂತ ಜಾಸ್ತಿ. ಸಾಲದ್ದಕ್ಕೆ, ಹೋಲ್ ಹುಟ್ಟಿದರೂ ಅದು ಸುತ್ತಲಿನ ಪರಮಾಣುಗಳನ್ನು ಅಲುಗಿಸಿ ತಾನೇ ತೋಡಿದ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು 2012ರ ಲೆಕ್ಕಾಚಾರ ತೋರಿಸಿದೆ. ಧಾತು ಬದಲಿಸಿದರೆ ಈ ಎರಡನೆಯ ತೊಂದರೆ ಹೋಗುವುದಿಲ್ಲ, ಅದು ವಸ್ತುವಿನದೇ ಸ್ವಭಾವ.

ಹಾಗಾದರೆ ಪಟ್ಟಿಯಲ್ಲಿ ಆ ಚೌಕಕ್ಕೆ ಕೆಂಪು ಗೆರೆ ಎಳೆಯಿರಿ, ಪಕ್ಕದಲ್ಲಿ ಕಾರಣ ಬರೆಯಿರಿ. ಆಮೇಲೆ ಪ್ರಶ್ನೆ ಬದಲಿಸಿ. ಬೇಕಾಗಿದ್ದದ್ದು ಪಿ-ಟೈಪ್ ಗ್ಯಾಲಿಯಂ ಆಕ್ಸೈಡಾ, ಅಥವಾ ಅದಕ್ಕೆ ಜೋಡಿಯಾಗಿ ನಿಲ್ಲುವ ಯಾವುದೋ ಒಂದು ಪಿ-ಟೈಪ್ ಪದರವಾ? ಎರಡನೆಯದಾದರೆ ನಿಕಲ್ ಆಕ್ಸೈಡ್ ಇದೆ, ಅದು ತಾನಾಗಿಯೇ ಪಿ-ಟೈಪ್. ಅದನ್ನು ಮೇಲೆ ಹಾಕಿ ಡಯೋಡ್ ಮಾಡಿದ ತಂಡಗಳು ಇವೆ, ಒಂದರ ಕೆಲಸದ ಮೇಲೆ ಇನ್ನೊಂದು ನಿಂತಿದೆ. ಆ ಎರಡು ಪದರ ಸೇರುವ ಗಡಿಯಲ್ಲಿ ಏನಾಗುತ್ತದೆ, ಬಿಸಿಯಾದಾಗ ಅದು ಹೇಗೆ ಬದಲಾಗುತ್ತದೆ ಎಂದು ಕೇಳಿಕೊಂಡು ಪೇಪರ್‌ಗಳನ್ನು ಮತ್ತೆ ತೆರೆಯಿರಿ. ಈ ಸಲ ಪಟ್ಟಿಯಲ್ಲಿ "ಎಷ್ಟು ದಿನ ಉಳಿಯಿತು" ಎನ್ನುವ ಕಾಲಂನಿಂದಲೇ ಶುರು ಮಾಡಿ.